ಆಫರ್ ಪತ್ರದಲ್ಲಿ ಖಚಿತವಾದದ್ದೆಷ್ಟು?

ಕ್ಯಾಂಪಸ್ ಪ್ಲೇಸ್‌ಮೆಂಟ್‌ನಲ್ಲಿ ಸಿಗುವ ಆಫರ್ ಪತ್ರದಲ್ಲಿ ಎರಡು ಬಗೆಯ ಮಾತುಗಳಿರುತ್ತವೆ. ಇಂಥ ದಿನದಿಂದ, ಇಂಥ ಊರಿನಲ್ಲಿ, ತಿಂಗಳಿಗೆ ಇಷ್ಟು ಪಗಾರ ಎಂಬುದು ಖಚಿತವಾದ ಮಾತು. ಕೆಲಸ ಮೆಚ್ಚುಗೆಯಾದರೆ ಇಷ್ಟು, ತರಬೇತಿಯ ಪರೀಕ್ಷೆ ಪಾಸಾದರೆ ಮುಂದುವರಿಕೆ, ಐದು ವರ್ಷ ಉಳಿದರೆ ಗ್ರಾಚ್ಯುಟಿ, ಕಂಪನಿಗೆ ಅಗತ್ಯ ಬಿದ್ದಾಗ ಕರೆ ಎಂಬವು ಷರತ್ತಿನ ಮಾತುಗಳು. ಪತ್ರದ ಮೇಲ್ಭಾಗದಲ್ಲಿ ಕಾಣುವ ವಾರ್ಷಿಕ ಅಂಕಿಯಲ್ಲಿ ಈ ಎರಡೂ ಬೆರೆತಿರುತ್ತವೆ. ಆದ್ದರಿಂದ ಆ ಅಂಕಿಯನ್ನಷ್ಟೇ ನೋಡಿ ಆಫರ್ ಒಳ್ಳೆಯದು, ಕೆಟ್ಟದು ಎನ್ನಲು ಬರುವುದಿಲ್ಲ. ಮೊದಲು ಅದನ್ನು ಬಿಡಿಸಿ, ಖಚಿತವಾದದ್ದನ್ನು ಒಂದು ಕಡೆ, ಷರತ್ತಿನದನ್ನು ಇನ್ನೊಂದು ಕಡೆ ಬರೆದುಕೊಳ್ಳಬೇಕಾಗುತ್ತದೆ.

ಚಿಕ್ಕೋಡಿಯ ಕೆಎಲ್ಇ ಇಂಜಿನಿಯರಿಂಗ್ ಕಾಲೇಜು, ನಿಪ್ಪಾಣಿಯ ವಿಎಸ್ಎಂ ಸಂಸ್ಥೆಯ ಇಂಜಿನಿಯರಿಂಗ್ ಕಾಲೇಜು, ಪಕ್ಕದ ಹುಕ್ಕೇರಿ ತಾಲೂಕಿನ ನಿಡಸೋಶಿಯ ಹಿರಾಶುಗರ್ ಕಾಲೇಜುಗಳಲ್ಲಿ ಓದುವ ಮಕ್ಕಳಿಗೆ ಸಾಮಾನ್ಯವಾಗಿ ಕೊನೆಯ ವರ್ಷದಲ್ಲಿ ಈ ಪತ್ರಗಳು ಬರುತ್ತವೆ. ಇವರಲ್ಲಿ ಅನೇಕರು ಕಬ್ಬು, ತಂಬಾಕು ಬೆಳೆಯುವ ಮನೆಗಳಿಂದ ಬಂದವರು. ಕಂಪನಿ ನೌಕರಿಗೆ ಹೋಗುವವರಲ್ಲಿ ಮನೆಯ ಮೊದಲಿಗರು. ಮಗನಿಗೋ ಮಗಳಿಗೋ ನೌಕರಿ ಹತ್ತಿತು ಎಂಬ ಸುದ್ದಿ ಊರಿಗೆಲ್ಲ ಹಬ್ಬುತ್ತದೆ, ಪತ್ರವನ್ನು ಪೂರ್ತಿ ಓದಿದವರು ಮಾತ್ರ ಮನೆಯಲ್ಲಿ ಇರುವುದಿಲ್ಲ. ಪಾಲಕರಿಗೆ ಏಳುವ ಪ್ರಶ್ನೆಗಳನ್ನು, ಅವು ಏಳುವ ಕ್ರಮದಲ್ಲಿಯೇ ಇಲ್ಲಿ ಪರಿಶೀಲಿಸಲಾಗಿದೆ.

ವರ್ಷಕ್ಕೆ 3 ಲಕ್ಷ 60 ಸಾವಿರ ಎಂದರೆ ತಿಂಗಳಿಗೆ 30 ಸಾವಿರ ಅಲ್ಲವೇ?

ಅಲ್ಲ. ಆ ಅಂಕಿಗೆ ಸಿಟಿಸಿ ಎನ್ನುತ್ತಾರೆ. ಒಬ್ಬ ನೌಕರನನ್ನು ಇಟ್ಟುಕೊಳ್ಳಲು ಕಂಪನಿಗೆ ವರ್ಷಕ್ಕೆ ಬೀಳುವ ಒಟ್ಟು ಖರ್ಚು ಅದು. ನೌಕರನ ಕೈಗೆ ಬರುವ ಹಣವಲ್ಲ. ಕಬ್ಬು ಬೆಳೆಯುವವರಿಗೆ ಈ ಅಂತರ ಹೊಸದೇನಲ್ಲ. ಕೇಂದ್ರ ಸರ್ಕಾರ 2025-26ರ ಹಂಗಾಮಿಗೆ ಶೇ. 10.25 ಇಳುವರಿಗೆ ಕ್ವಿಂಟಲ್‌ಗೆ 355 ರೂಪಾಯಿ ಎಫ್‌ಆರ್‌ಪಿ ಘೋಷಿಸಿದಾಗ, ಟನ್ನಿಗೆ 3,550 ಕೈಗೆ ಬರುತ್ತದೆ ಎಂದು ಯಾವ ರೈತನೂ ತಿಳಿಯಲಿಲ್ಲ. ಅದರಲ್ಲಿ ಕಟಾವು ಮತ್ತು ಸಾಗಣೆ ಕಳೆಯಬೇಕು, ಕಾರ್ಖಾನೆಯ ಇಳುವರಿ ಎಷ್ಟೆಂದು ನೋಡಬೇಕು. 2025ರ ನವೆಂಬರ್‌ನಲ್ಲಿ ಗುರ್ಲಾಪುರ ಕ್ರಾಸ್‌ನಲ್ಲಿ ನಡೆದ ಹೋರಾಟದ ತಿರುಳೂ ಕೈಗೆ ಸಿಗುವ ದರವೇ ಆಗಿತ್ತು. ಸಿಟಿಸಿಯನ್ನೂ ಅದೇ ಕಣ್ಣಿನಿಂದ ನೋಡಿದರೆ ಸಾಕು.

ಒಂದು ಮಾದರಿ ಲೆಕ್ಕ ಹೀಗಿದೆ. ಸಿಟಿಸಿ 3,60,000 ರೂಪಾಯಿ, ಮೂಲ ವೇತನ ಅಂದರೆ ಬೇಸಿಕ್ ತಿಂಗಳಿಗೆ 15,000, ಕೆಲಸದ ಊರು ಬೆಂಗಳೂರು ಎಂದಿಟ್ಟುಕೊಳ್ಳಬಹುದು. ಸಿಟಿಸಿಯ ಹತ್ತನೇ ಒಂದು ಭಾಗ, ಅಂದರೆ 36,000, ವೇರಿಯಬಲ್ ಪೇ. ಇದು ಕಂಪನಿಯ ಲಾಭ ಮತ್ತು ನೌಕರನ ಮೌಲ್ಯಮಾಪನ ನೋಡಿ ಕೊಡುವ ಹಣ. ಪೂರ್ತಿ ಬರಬಹುದು, ಅರ್ಧ ಬರಬಹುದು, ಬಾರದೆಯೂ ಇರಬಹುದು. ಕಂಪನಿ ತನ್ನ ಪಾಲಿನಿಂದ ಕಟ್ಟುವ ಪಿಎಫ್ ಬೇಸಿಕ್‌ನ ಶೇ. 12, ತಿಂಗಳಿಗೆ 1,800, ವರ್ಷಕ್ಕೆ 21,600. ಗ್ರಾಚ್ಯುಟಿ ಎಂದು ಬೇಸಿಕ್‌ನ ಶೇ. 4.81, ಅಂದರೆ 8,658. ಗುಂಪು ವಿಮೆಯ ಕಂತು 5,742. ಈ ನಾಲ್ಕೂ ಕೂಡಿದರೆ 72,000 ಆಗುತ್ತದೆ. ಅದನ್ನು ಕಳೆದರೆ ಉಳಿಯುವುದು 2,88,000, ತಿಂಗಳಿಗೆ 24,000. ಇದರಲ್ಲಿ ನೌಕರನ ಪಾಲಿನ ಪಿಎಫ್ 1,800 ಮತ್ತೆ ಕಡಿತವಾಗುತ್ತದೆ. ಕರ್ನಾಟಕದಲ್ಲಿ 25,000ಕ್ಕಿಂತ ಕಡಿಮೆ ಪಗಾರಕ್ಕೆ ವೃತ್ತಿ ತೆರಿಗೆ ಇಲ್ಲ. ಆದಾಯ ತೆರಿಗೆಯ ಹೊಸ ಪದ್ಧತಿಯಲ್ಲಿ ವರ್ಷಕ್ಕೆ 12 ಲಕ್ಷದವರೆಗಿನ ಆದಾಯಕ್ಕೆ ತೆರಿಗೆ ಬೀಳುವುದಿಲ್ಲವಾದ್ದರಿಂದ ಆ ಚಿಂತೆಯೂ ಇಲ್ಲ. ಕಡೆಗೆ ಬ್ಯಾಂಕ್ ಖಾತೆಗೆ ಬರುವುದು 22,200. ಅದೇ ಕೆಲಸ ಪುಣೆಯಲ್ಲಾದರೆ ಮಹಾರಾಷ್ಟ್ರದ ವೃತ್ತಿ ತೆರಿಗೆ 200 ಹೋಗಿ 22,000. ಅಲ್ಲಿ 25,000ದವರೆಗೆ ಪಗಾರವಿರುವ ಮಹಿಳೆಯರಿಗೆ ಆ ತೆರಿಗೆಯಿಲ್ಲ.

ಕಡಿತವಾದದ್ದೆಲ್ಲ ನಷ್ಟ ಎಂದು ತಿಳಿಯಬೇಕಾಗಿಲ್ಲ. ನೌಕರನ 1,800 ಪೂರ್ತಿಯಾಗಿ, ಕಂಪನಿಯ 1,800ರಲ್ಲಿ 550 ರೂಪಾಯಿ ನೌಕರನ ಪಿಎಫ್ ಖಾತೆಗೇ ಸೇರಿ ಬಡ್ಡಿ ಗಳಿಸುತ್ತವೆ. ಉಳಿದ 1,250 ಪಿಂಚಣಿ ನಿಧಿಗೆ ಹೋಗುತ್ತದೆ. ಇದು ನಿಧಾನವಾಗಿ ಕೂಡುವ, ಆದರೆ ಖಚಿತವಾದ ಹಣ. ಗ್ರಾಚ್ಯುಟಿಯ ಕಥೆ ಬೇರೆ. ನಿಯಮಿತ ನೌಕರನಿಗೆ ಐದು ವರ್ಷದ ಸೇವೆ ತುಂಬಿದ ಮೇಲೆಯೇ ಅದು ಸಿಗುತ್ತದೆ. ಎರಡು ಮೂರು ವರ್ಷಕ್ಕೆ ಕಂಪನಿ ಬದಲಿಸುವ ಹುಡುಗನ ಮಟ್ಟಿಗೆ ವರ್ಷದ ಆ 8,658 ಬರೀ ಕಾಗದದ ಮೇಲಿನ ಅಂಕಿ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳ ಪ್ರಕಾರ ನಿಗದಿತ ಅವಧಿಯ ಗುತ್ತಿಗೆ ನೌಕರರಿಗೆ ಒಂದೇ ವರ್ಷಕ್ಕೆ ಗ್ರಾಚ್ಯುಟಿಯ ಹಕ್ಕು ಬರುತ್ತದೆ. ನಿಯಮಿತ ನೌಕರರಿಗೆ ಐದು ವರ್ಷದ ನಿಯಮವೇ ಉಳಿದಿದೆ. ವಿಮೆಯ ಬಗ್ಗೆ ಕೇಳಬೇಕಾದದ್ದು ಒಂದೇ: ಅದರಲ್ಲಿ ತಂದೆ ತಾಯಿ ಸೇರಿದ್ದಾರೆಯೇ? ಸೇರಿದ್ದರೆ ಆ ಸೌಲಭ್ಯದ ಬೆಲೆ ಪತ್ರದಲ್ಲಿ ಬರೆದ ಕಂತಿಗಿಂತ ಹೆಚ್ಚು, ಏಕೆಂದರೆ ವಯಸ್ಸಾದವರಿಗೆ ಹೊರಗೆ ವಿಮೆ ಮಾಡಿಸಿದರೆ ಕಂತು ದುಬಾರಿಯಾಗುತ್ತದೆ.

ಈ ಬಿಡಿಲೆಕ್ಕ ಪತ್ರದ ಕೊನೆಯ ಪುಟದಲ್ಲಿ ಕೋಷ್ಟಕದ ರೂಪದಲ್ಲಿ ಇರುವುದು ವಾಡಿಕೆ. ಕೋಷ್ಟಕವೇ ಇಲ್ಲದಿದ್ದರೆ ಕಾಲೇಜಿನ ಪ್ಲೇಸ್‌ಮೆಂಟ್ ಅಧಿಕಾರಿಯ ಮೂಲಕ ಕೇಳಿ ತರಿಸಿಕೊಳ್ಳಬಹುದು. ಕೇಳುವುದರಿಂದ ಆಫರ್ ತಪ್ಪಿಹೋಗುತ್ತದೆ ಎಂಬ ಅಂಜಿಕೆಗೆ ಕಾರಣವಿಲ್ಲ. ಕೊಡಲು ಒಪ್ಪದ ಕಂಪನಿಯ ವಾರ್ಷಿಕ ಅಂಕಿಯನ್ನು ನಂಬುವುದಕ್ಕೂ ಅಷ್ಟೇ ಕಾರಣವಿಲ್ಲ.

ಕೈಗೆ ಬಂದ 22 ಸಾವಿರದಲ್ಲಿ ಮನೆಗೆ ಉಳಿಯುವುದೆಷ್ಟು?

ಬೆಂಗಳೂರಿನಲ್ಲಿ ಇಬ್ಬರು ಹಂಚಿಕೊಳ್ಳುವ ಕೋಣೆಗೆ ಊಟ ಸೇರಿ ಪಿಜಿಯಲ್ಲಿ 9,000, ಓಡಾಟಕ್ಕೆ 2,000, ಮೊಬೈಲ್, ಬಟ್ಟೆ, ರಜಾದಿನದ ಊಟ, ಔಷಧಕ್ಕೆಂದು 4,000, ಹಬ್ಬಕ್ಕೂ ಮನೆಯ ಕಾರ್ಯಗಳಿಗೂ ಊರಿಗೆ ಬಂದುಹೋಗುವ ಖರ್ಚು ತಿಂಗಳಿಗೆ ಸರಾಸರಿ 2,000 ಎಂದು ಹಿಡಿದರೆ 17,000 ಆಯಿತು. ಉಳಿಯುವುದು 5,200. ಕಚೇರಿ ಎಲ್ಲಿದೆ ಎಂಬುದರ ಮೇಲೆ ಪಿಜಿಯ ದರ ಬದಲಾಗುತ್ತದೆ. ಮೊದಲ ತಿಂಗಳು ಮುಂಗಡವನ್ನೂ ಕೊಡಬೇಕಾಗುತ್ತದೆ, ಪಗಾರ ಬರುವುದು ತಿಂಗಳು ತುಂಬಿದ ಮೇಲೆ. ಹಾಗಾಗಿ ಶುರುವಿನಲ್ಲಿ ಮನೆಯಿಂದಲೇ 25ರಿಂದ 30 ಸಾವಿರ ಕಳಿಸಬೇಕಾಗಬಹುದು.

ಇದಕ್ಕೆ ಶಿಕ್ಷಣ ಸಾಲವನ್ನು ಸೇರಿಸಿ ನೋಡಿದರೆ ಚಿತ್ರ ಬದಲಾಗುತ್ತದೆ. 4 ಲಕ್ಷ ಸಾಲ, ಬಡ್ಡಿ ಶೇ. 10, ಏಳು ವರ್ಷದ ಕಂತು ಎಂದರೆ ತಿಂಗಳಿಗೆ ಸುಮಾರು 6,640 ರೂಪಾಯಿ. ಹುಡುಗನ ಬಳಿ ಉಳಿಯುವುದಕ್ಕಿಂತ ಇದೇ ಹೆಚ್ಚು. ಅದೇ ಸಾಲವನ್ನು ಹದಿನೈದು ವರ್ಷಕ್ಕೆ ಹಂಚಿದರೆ ಕಂತು ಸುಮಾರು 4,300ಕ್ಕೆ ಇಳಿಯುತ್ತದೆ, ಒಟ್ಟು ಬಡ್ಡಿ ಏರುತ್ತದೆ. ಶಿಕ್ಷಣ ಸಾಲದ ಸಾಮಾನ್ಯ ಯೋಜನೆಯಲ್ಲಿ ಓದು ಮುಗಿದ ಮೇಲೆ ಒಂದು ವರ್ಷ ಕಂತಿನ ರಿಯಾಯಿತಿ ಇದೆ, ಬಡ್ಡಿ ಮಾತ್ರ ಓಡುತ್ತಲೇ ಇರುತ್ತದೆ. ಎರಡು ಆಫರ್‌ಗಳು ಕೈಯಲ್ಲಿದ್ದಾಗ ಹೋಲಿಸಬೇಕಾದದ್ದು ಸಿಟಿಸಿಯನ್ನಲ್ಲ, ಕಂತು ಕಟ್ಟಿದ ಮೇಲೆ ಉಳಿಯುವ ಮೊತ್ತವನ್ನು. ಈ ಮೊತ್ತ ಋಣವಾಗಿದ್ದರೂ ಆಫರ್ ಒಪ್ಪಬೇಕಾದ ಸಂದರ್ಭ ಇದ್ದೇ ಇರುತ್ತದೆ. ಆಗ ಕೊರತೆಯನ್ನು ಎಷ್ಟು ತಿಂಗಳು ಮನೆಯವರು ಭರಿಸಬೇಕು ಎಂಬುದು ಮೊದಲೇ ಗೊತ್ತಿದ್ದರೆ ಅರ್ಧ ದಾರಿಯಲ್ಲಿ ಕೈಸಾಲದ ಮೊರೆ ಹೋಗುವುದು ತಪ್ಪುತ್ತದೆ.

ಹತ್ತಿರದಲ್ಲೇ 18 ಸಾವಿರದ ಕೆಲಸ ಸಿಕ್ಕರೆ ಅದೇ ಮೇಲಲ್ಲವೇ?

ಈ ಭಾಗದಲ್ಲಿ ಇದು ನಿಜವಾದ ಪ್ರಶ್ನೆ. ನಿಪ್ಪಾಣಿಯಿಂದ ಹೆದ್ದಾರಿ ಹಿಡಿದು ಉತ್ತರಕ್ಕೆ ಹೋದರೆ ಕಾಗಲ್, ಗೋಕುಳ ಶಿರಗಾಂವ್ ಕೈಗಾರಿಕಾ ಪ್ರದೇಶಗಳಿವೆ. ಕೊಲ್ಹಾಪುರದ ಫೌಂಡ್ರಿ ಮತ್ತು ಯಂತ್ರಭಾಗಗಳ ಉದ್ಯಮ ದೊಡ್ಡದು. ಕಾಗವಾಡದ ಕಡೆಯವರಿಗೆ ಮಿರಜ್, ಸಾಂಗಲಿ ಹತ್ತಿರ. ಮೆಕ್ಯಾನಿಕಲ್ ಓದಿದವರಿಗೂ ಪಾಲಿಟೆಕ್ನಿಕ್ ಮುಗಿಸಿದವರಿಗೂ ಇಲ್ಲಿ ಟ್ರೇನಿ ಕೆಲಸಗಳು ಸಿಗುತ್ತವೆ. 18,000 ರೂಪಾಯಿಯಲ್ಲಿ ಬಸ್ಸಿಗೆ 2,000, ಕೈಖರ್ಚಿಗೆ 3,000 ಹೋದರೂ 13,000 ಉಳಿಯುತ್ತದೆ. ಬೆಂಗಳೂರಿನ 5,200ರ ಎದುರು ಇದು ಎರಡೂವರೆ ಪಟ್ಟು.

ಆದರೆ ಇಲ್ಲಿಯೂ ಪತ್ರದಲ್ಲಿ ಖಚಿತವಾದದ್ದೆಷ್ಟು ಎಂದು ನೋಡಬೇಕು. ಟ್ರೇನಿ ಎಂಬ ಒಂದೇ ಹೆಸರಿನಡಿ ಎರಡು ಬೇರೆ ಬೇರೆ ಸ್ಥಿತಿಗಳಿವೆ. 1961ರ ಅಪ್ರೆಂಟಿಸ್ ಕಾಯ್ದೆಯ ಕೆಳಗೆ ಒಪ್ಪಂದವಾದರೆ ಅವನು ಕಲಿಯುವವನೇ ಹೊರತು ಕೆಲಸಗಾರನಲ್ಲ. ಅವನಿಗೆ ಪಿಎಫ್ ಇಲ್ಲ, ಸಿಗುವುದು ಪಗಾರವಲ್ಲ, ಸ್ಟೈಪೆಂಡ್. ಅವಧಿ ಮುಗಿದ ಮೇಲೆ ಕೆಲಸ ಕೊಡಲೇಬೇಕೆಂಬ ಹೊಣೆ ಮಾಲೀಕನಿಗೆ ಸಾಮಾನ್ಯವಾಗಿ ಇಲ್ಲ. ವರ್ಷ ತುಂಬಿದ ಮೇಲೆ ಹಳಬರನ್ನು ಬಿಟ್ಟು ಹೊಸ ತಂಡವನ್ನು ತೆಗೆದುಕೊಳ್ಳುವುದಕ್ಕೆ ಕಾನೂನಿನ ಅಡ್ಡಿಯಿಲ್ಲ. ಎರಡನೆಯದು, ಕಂಪನಿಯೇ ಗ್ರಾಜ್ಯುಯೇಟ್ ಇಂಜಿನಿಯರ್ ಟ್ರೇನಿ ಎಂದು ಹೆಸರಿಟ್ಟು ನೌಕರಿಗೆ ಸೇರಿಸಿಕೊಳ್ಳುವುದು. ಇದರಲ್ಲಿ ಪಿಎಫ್ ಕಡಿತವಾಗುತ್ತದೆ, ತರಬೇತಿ ಮುಗಿದೊಡನೆ ಕಾಯಂ ಮಾಡುವ ಷರತ್ತು ಬರಹದಲ್ಲಿರುತ್ತದೆ. ಪಗಾರ 21,000ದ ಒಳಗಿದ್ದು ಇಎಸ್‌ಐ ಅನ್ವಯವಾಗುವ ಕಾರ್ಖಾನೆಯಾದರೆ ಶೇ. 0.75 ಕಡಿತಕ್ಕೆ ವೈದ್ಯಕೀಯ ಸೌಲಭ್ಯವೂ ಸಿಗುತ್ತದೆ, ಅದರಲ್ಲಿ ಅವಲಂಬಿತ ತಂದೆ ತಾಯಿಯೂ ಸೇರುತ್ತಾರೆ.

ಇವೆರಡರಲ್ಲಿ ಯಾವುದೆಂದು ತಿಳಿಯಲು ‘ಪಿಎಫ್ ಕಡಿತವಾಗುತ್ತದೆಯೇ, ಯುಎಎನ್ ಸಂಖ್ಯೆ ಕೊಡುತ್ತೀರಾ’ ಎಂದು ಕೇಳಿದರೆ ಸಾಕು. ಜೊತೆಗೆ, ಕಳೆದ ವರ್ಷ ಸೇರಿದ ಟ್ರೇನಿಗಳಲ್ಲಿ ಎಷ್ಟು ಜನ ಈಗಲೂ ಅಲ್ಲಿದ್ದಾರೆ ಎಂದು ವಿಚಾರಿಸಬೇಕು. ಹತ್ತರಲ್ಲಿ ಏಳೆಂಟು ಜನ ಉಳಿದಿದ್ದರೆ 13,000 ಉಳಿತಾಯದ ಆ ಕೆಲಸ ಬೆಂಗಳೂರಿನದಕ್ಕಿಂತ ನಿಜಕ್ಕೂ ಮೇಲಿರಬಹುದು. ಒಬ್ಬಿಬ್ಬರೇ ಉಳಿದಿದ್ದರೆ ಅದು ಒಂದು ವರ್ಷದ ಕೂಲಿ. ಅಪ್ರೆಂಟಿಸ್ ಆಗುವುದೇ ತಪ್ಪು ಎಂದೂ ಅಲ್ಲ: ಸಿಎನ್‌ಸಿ, ಗುಣಮಟ್ಟ ಪರೀಕ್ಷೆ, ಪ್ಯಾಟರ್ನ್ ವಿನ್ಯಾಸದಂಥ ಕೆಲಸವನ್ನು ಕೈಯಾರೆ ಕಲಿತು ಪ್ರಮಾಣಪತ್ರದೊಂದಿಗೆ ಹೊರಬಂದವನಿಗೆ ಬೇರೆಡೆ ಬೆಲೆಯಿದೆ. ವರ್ಷವಿಡೀ ರಿಜಿಸ್ಟರ್ ಬರೆಯುತ್ತ ಕೂತವನಿಗೆ ಅದಿಲ್ಲ.

ಪತ್ರ ಕೈಗೆ ಬಂದರೆ ನೌಕರಿ ಸಿಕ್ಕಂತೆಯೇ?

ಪತ್ರಗಳಲ್ಲಿ ಮೂರು ಮೆಟ್ಟಿಲುಗಳಿವೆ. ಲೆಟರ್ ಆಫ್ ಇಂಟೆಂಟ್ ಎಂಬುದು ತೆಗೆದುಕೊಳ್ಳುವ ಉದ್ದೇಶವಿದೆ ಎಂದಷ್ಟೇ ಹೇಳುತ್ತದೆ. ಆಫರ್ ಲೆಟರ್‌ನಲ್ಲಿ ಪಗಾರ, ಹುದ್ದೆ, ಷರತ್ತುಗಳಿರುತ್ತವೆ. ಸೇರುವ ದಿನಾಂಕ ಇರಬಹುದು, ‘ಮುಂದೆ ತಿಳಿಸಲಾಗುವುದು’ ಎಂದೂ ಇರಬಹುದು. ಕೆಲಸಕ್ಕೆ ಸೇರುವಾಗ ಕೊಡುವ ನೇಮಕಾತಿ ಪತ್ರವೇ ಕೊನೆಯದು. ಮೊದಲೆರಡು ಮೆಟ್ಟಿಲುಗಳಲ್ಲಿ ನಿಂತವರಿಗೆ ನೌಕರಿ ಇನ್ನೂ ಹತ್ತಿಲ್ಲ.

ಇದು ಎಷ್ಟು ದೂರ ಹೋಗಬಹುದು ಎಂಬುದಕ್ಕೆ ಕರ್ನಾಟಕದ್ದೇ ದೊಡ್ಡ ಕಂಪನಿಗಳ ಉದಾಹರಣೆಗಳಿವೆ. 2022ರಲ್ಲಿ ಕ್ಯಾಂಪಸ್ ಆಯ್ಕೆಯಾದ ಸುಮಾರು 2,000 ಇಂಜಿನಿಯರಿಂಗ್ ಪದವೀಧರರು ಇನ್ಫೊಸಿಸ್ ಸೇರಲು ಎರಡು ವರ್ಷಕ್ಕೂ ಹೆಚ್ಚು ಕಾಯಬೇಕಾಯಿತು. ಐಟಿ ನೌಕರರ ಸಂಘಟನೆ ಎನ್‌ಐಟಿಇಎಸ್ ಕೇಂದ್ರ ಕಾರ್ಮಿಕ ಸಚಿವಾಲಯಕ್ಕೆ ದೂರು ಕೊಟ್ಟಿತು. 2024ರ ಅಕ್ಟೋಬರ್ ಹೊತ್ತಿಗೆ ಅವರಲ್ಲಿ ಅನೇಕರಿಗೆ ಮೈಸೂರಿನ ಕ್ಯಾಂಪಸ್‌ಗೆ ಕರೆ ಬಂತು. 2025ರ ಫೆಬ್ರವರಿಯಲ್ಲಿ, ಮೂರು ಅವಕಾಶ ಕೊಟ್ಟರೂ ಆಂತರಿಕ ಪರೀಕ್ಷೆ ಪಾಸಾಗಲಿಲ್ಲವೆಂಬ ಕಾರಣಕ್ಕೆ 300ಕ್ಕೂ ಹೆಚ್ಚು ಟ್ರೇನಿಗಳನ್ನು ಅಲ್ಲಿಂದ ಕಳಿಸಲಾಯಿತು. ಈ ಷರತ್ತು ಮೊದಲೇ ತಿಳಿಸಿದ್ದೇ ಎಂಬುದು ಕಂಪನಿಯ ವಾದವಾಗಿತ್ತು. ರಾಜ್ಯ ಕಾರ್ಮಿಕ ಇಲಾಖೆಯೂ ಅವರನ್ನು ನಿಯಮಿತ ನೌಕರರೆಂದಲ್ಲ, ತರಬೇತಿಯವರೆಂದು ಪರಿಗಣಿಸಿ, ಕಾನೂನಿನ ಉಲ್ಲಂಘನೆ ಆಗಿಲ್ಲ ಎಂಬ ನಿಲುವಿಗೆ ಬಂದಿದ್ದು ವರದಿಯಾಯಿತು. ಬೆಂಗಳೂರಿನ ಇನ್ನೊಂದು ದೊಡ್ಡ ಕಂಪನಿ ವಿಪ್ರೊ, ವರ್ಷಕ್ಕೆ 6.5 ಲಕ್ಷ ಎಂದು ಆಫರ್ ಕೊಟ್ಟು ಕಾಯಿಸಿದ್ದ ಹೊಸಬರಿಗೆ 2023ರ ಫೆಬ್ರವರಿಯಲ್ಲಿ ಪತ್ರ ಬರೆದು, 3.5 ಲಕ್ಷಕ್ಕೆ ಸೇರುವಿರಾ ಎಂದು ಕೇಳಿತು.

ಇವು ಮೋಸದ ಕಂಪನಿಗಳಲ್ಲ. ಈ ಸಂಗತಿಗಳಿಂದ ತಿಳಿಯುವುದು ಬೇರೆಯೇ: ಮಾರುಕಟ್ಟೆ ಬಿದ್ದಾಗ ಅತಿ ದೊಡ್ಡ ಕಂಪನಿಯೂ ಮೊದಲು ಕೈಬಿಡುವುದು ಪತ್ರದಲ್ಲಿ ಸಡಿಲವಾಗಿ ಬರೆದ ಭಾಗವನ್ನೇ. ದಿನಾಂಕವಿಲ್ಲದ 6 ಲಕ್ಷಕ್ಕಿಂತ, ಜುಲೈ 15ಕ್ಕೆ ಸೇರಿ ಎಂದು ಬರೆದ 3.5 ಲಕ್ಷ ಆ ವರ್ಷದ ಮಟ್ಟಿಗೆ ದೊಡ್ಡದಿರಬಹುದು. ಒಂದು ವರ್ಷ ತಡವಾದರೆ 22,200ರ ಪಗಾರದ ಲೆಕ್ಕದಲ್ಲಿ 2,66,400 ಕೈತಪ್ಪುತ್ತದೆ, ಆ ಮೊತ್ತವನ್ನು ಮುಂದಿನ ಹೆಚ್ಚಳದಿಂದ ತುಂಬಿಸಿಕೊಳ್ಳಲು ವರ್ಷಗಳೇ ಬೇಕು. ಹಾಗಾಗಿ ಕಾಲೇಜಿನಲ್ಲಿ ಕೇಳಬೇಕಾದ ಪ್ರಶ್ನೆ ಇದು: ಇದೇ ಕಂಪನಿ ಹಿಂದಿನ ಎರಡು ವರ್ಷ ಆಯ್ಕೆ ಮಾಡಿದವರನ್ನು ಯಾವ ತಿಂಗಳಲ್ಲಿ ಕರೆಯಿತು, ಎಷ್ಟು ಜನ ಸೇರಿದರು? ಪ್ಲೇಸ್‌ಮೆಂಟ್ ಅಧಿಕಾರಿಗೆ ಆಯ್ಕೆಯ ಪಟ್ಟಿ ಬಾಯಿಪಾಠವಾಗಿರುತ್ತದೆ. ಸೇರಿದವರ ಪಟ್ಟಿ ಹಾಗಿರುವುದು ಅಪರೂಪ. ಅದನ್ನು ಹಳೆಯ ವಿದ್ಯಾರ್ಥಿಗಳಿಂದಲೇ ತಿಳಿಯಬೇಕು. ತರಬೇತಿಗೆ ಪರೀಕ್ಷೆ ಇದ್ದರೆ ಎಷ್ಟು ಅಂಕ, ಎಷ್ಟು ಅವಕಾಶ, ನಪಾಸಾದರೆ ಏನು ಎಂಬ ಮೂರೂ ಬರಹದಲ್ಲಿರಬೇಕು.

ಬಾಂಡ್‌ಗೆ ಸಹಿ ಹಾಕಬಹುದೇ?

ಎರಡು ವರ್ಷ ಬಿಡುವಂತಿಲ್ಲ, ಬಿಟ್ಟರೆ ಇಷ್ಟು ಕೊಡಬೇಕು ಎಂಬ ಕರಾರಿಗೆ ರೂಢಿಯಲ್ಲಿ ಬಾಂಡ್ ಎನ್ನುತ್ತಾರೆ. ‘ಅದೆಲ್ಲ ಕೋರ್ಟಿನಲ್ಲಿ ನಿಲ್ಲುವುದಿಲ್ಲ, ಸಹಿ ಹಾಕಿಬಿಡು’ ಎಂಬ ಮಾತು ಊರಲ್ಲಿ ಚಾಲ್ತಿಯಲ್ಲಿದೆ. ಅದು ಅರ್ಧ ಸತ್ಯ. 1872ರ ಭಾರತೀಯ ಕರಾರು ಕಾಯ್ದೆಯ 27ನೇ ಕಲಂ ಒಬ್ಬನ ದುಡಿಮೆಗೆ ಅಡ್ಡಿಯಾಗುವ ಕರಾರನ್ನು ಅಸಿಂಧು ಎನ್ನುತ್ತದೆ. ಆದ್ದರಿಂದ ‘ಕೆಲಸ ಬಿಟ್ಟ ಮೇಲೆ ಬೇರೆ ಕಂಪನಿ ಸೇರಕೂಡದು’ ಎಂಬ ಷರತ್ತಿಗೆ ಬಲವಿಲ್ಲ. ಆದರೆ ಕೆಲಸದ ಅವಧಿಯೊಳಗೆ ಬಿಟ್ಟರೆ ನಷ್ಟ ಕಟ್ಟಿಕೊಡಬೇಕು ಎಂಬುದು ಬೇರೆ. ವಿಜಯಾ ಬ್ಯಾಂಕಿನ ಒಬ್ಬ ಅಧಿಕಾರಿ ಮೂರು ವರ್ಷದ ಕರಾರು ಮುಗಿಯುವ ಮೊದಲೇ ರಾಜೀನಾಮೆ ಕೊಟ್ಟು, ಆಕ್ಷೇಪ ದಾಖಲಿಸಿ 2 ಲಕ್ಷ ರೂಪಾಯಿ ಕಟ್ಟಿ, ಆ ಷರತ್ತನ್ನು ಪ್ರಶ್ನಿಸಿದರು. ಕರ್ನಾಟಕ ಹೈಕೋರ್ಟ್ ಅವರ ಪರವಾಗಿತ್ತು. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಅದನ್ನು ತಳ್ಳಿಹಾಕಿ ಷರತ್ತನ್ನು ಎತ್ತಿಹಿಡಿಯಿತು. ಸಾರ್ವಜನಿಕ ಬ್ಯಾಂಕಿಗೆ ಹೊಸ ನೇಮಕಾತಿ ದೀರ್ಘವೂ ದುಬಾರಿಯೂ ಆದ ಕೆಲಸ, ಅಷ್ಟು ಹಿರಿಯ ಹುದ್ದೆಗೆ ಆ ಮೊತ್ತ ಅತಿಯಾದದ್ದಲ್ಲ ಎಂಬುದು ಅದರ ಕಾರಣ.

ಆ ತೀರ್ಪನ್ನು ಹೊಸಬನ ಬಾಂಡ್‌ಗೆ ಹಾಗೆಯೇ ಅನ್ವಯಿಸಲಾಗದು. ಅದೇ ಕಾಯ್ದೆಯ 74ನೇ ಕಲಂ ಪ್ರಕಾರ ಕರಾರಿನಲ್ಲಿ ಬರೆದ ಮೊತ್ತ ಮೇಲ್ಮಿತಿ ಮಾತ್ರ. ಕೊಡಿಸುವುದು ನ್ಯಾಯಸಮ್ಮತವಾದ ಪರಿಹಾರ. ಕಂಪನಿ ನಿಜವಾಗಿ ತರಬೇತಿಗೆ ಖರ್ಚು ಮಾಡಿದೆಯೇ ಎಂಬುದು ಅಲ್ಲಿ ಮುಖ್ಯವಾಗುತ್ತದೆ. ಹಾಗಿದ್ದರೂ ನೋಟಿಸು ಬಂದ ಮೇಲೆ ಬೆಂಗಳೂರಿನ ನ್ಯಾಯಾಲಯಕ್ಕೆ ಅಲೆಯುವುದು ಅಥಣಿಯ ಕುಟುಂಬವೇ. ಬಾಂಡ್ ಎಷ್ಟು ಭಾರವೆಂದು ತಿಳಿಯಲು ಅದನ್ನು ಕೈಪಗಾರದಿಂದ ಭಾಗಿಸಬೇಕು: 1 ಲಕ್ಷದ ಬಾಂಡ್ 22,200 ಪಗಾರಕ್ಕೆ ನಾಲ್ಕೂವರೆ ತಿಂಗಳ ದುಡಿಮೆ. ದುಡಿದಷ್ಟು ತಿಂಗಳಿಗೆ ಮೊತ್ತ ಇಳಿಯುತ್ತ ಹೋಗುವ ಕರಾರು ಸಹಿಸಬಹುದಾದದ್ದು. ಇಪ್ಪತ್ಮೂರನೇ ತಿಂಗಳಲ್ಲಿ ಬಿಟ್ಟರೂ ಪೂರ್ತಿ ಕೊಡಬೇಕೆನ್ನುವುದು ನೌಕರನನ್ನು ಕಟ್ಟಿಹಾಕಲೆಂದೇ ಬರೆದದ್ದು. ಮೂರು ತಿಂಗಳ ನೋಟಿಸ್ ಅವಧಿಯೂ ಒಂದು ಬಗೆಯ ಬಾಂಡೇ, ಏಕೆಂದರೆ ಅಷ್ಟು ಕಾಲ ಕಾಯಲು ಮುಂದಿನ ಕಂಪನಿ ಒಪ್ಪದಿರಬಹುದು.

ಎರಡು ವಿಷಯಗಳಲ್ಲಿ ಮಾತ್ರ ಚೌಕಾಶಿಗೆ ಎಡೆಯಿಲ್ಲ. ಮೂಲ ಅಂಕಪಟ್ಟಿಗಳನ್ನು ಕಂಪನಿಯಲ್ಲಿ ಇಡುವಂತಿಲ್ಲ. ಪರಿಶೀಲನೆಗೆ ತೋರಿಸಿ ಹಿಂದೆ ತರಬೇಕು, ನಕಲು ಕೊಟ್ಟರೆ ಸಾಕು. ಸಹಿ ಮಾಡಿದ ಖಾಲಿ ಚೆಕ್ ಕೊಡುವಂತಿಲ್ಲ. ಆ ಚೆಕ್ಕಿನಲ್ಲಿ ಮೊತ್ತ ತುಂಬಿ ಬ್ಯಾಂಕಿಗೆ ಹಾಕಿ, ಅದು ಬೌನ್ಸ್ ಆದರೆ ಕರಾರಿನ ವ್ಯಾಜ್ಯ ಕ್ರಿಮಿನಲ್ ಪ್ರಕರಣವಾಗಿ ಬದಲಾಗುತ್ತದೆ. ತರಬೇತಿ ಶುಲ್ಕ, ಠೇವಣಿ, ಲ್ಯಾಪ್‌ಟಾಪ್‌ನ ಮುಂಗಡ ಎಂದು ಸೇರುವ ಮೊದಲೇ ಹಣ ಕೇಳುವವರ ಪತ್ರವನ್ನು ಮುಂದೆ ಓದಬೇಕಾದ ಅಗತ್ಯವೂ ಇಲ್ಲ.

ಕಂಪನಿ ಹೆಸರೇ ಕೇಳಿಲ್ಲ. ಅದು ನಿಜವೆಂದು, ಕೆಲಸ ಏನೆಂದು ತಿಳಿಯುವುದು ಹೇಗೆ?

ನೋಂದಾಯಿತ ಕಂಪನಿಗಳ ವಿವರವನ್ನು ಕೇಂದ್ರದ ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯದ ಜಾಲತಾಣ mca.gov.in ನಲ್ಲಿ ನೋಡಬಹುದು. ಅದು ಯಾವಾಗ ಶುರುವಾಯಿತು, ಬಂಡವಾಳ ಎಷ್ಟು, ವಾರ್ಷಿಕ ಲೆಕ್ಕ ಸಲ್ಲಿಸಿದೆಯೇ ಎಂಬುದು ಅಲ್ಲಿ ತಿಳಿಯುತ್ತದೆ. ಇದಕ್ಕಿಂತ ಹೆಚ್ಚು ಹೇಳುವುದು ಪಿಎಫ್ ಸಂಸ್ಥೆಯ ಜಾಲತಾಣದ Establishment Search. ಕಂಪನಿಯ ಹೆಸರು ಹಾಕಿದರೆ ಯಾವ ತಿಂಗಳು ಎಷ್ಟು ನೌಕರರಿಗೆ ಪಿಎಫ್ ಕಟ್ಟಿದೆ ಎಂಬುದು ಅಲ್ಲಿ ಕಾಣುತ್ತದೆ. ‘500 ಇಂಜಿನಿಯರ್‌ಗಳಿರುವ ಸಂಸ್ಥೆ’ ಎಂದು ಹೇಳಿಕೊಂಡು 30 ಜನರಿಗೆ ಪಿಎಫ್ ಕಟ್ಟುತ್ತಿದ್ದರೆ, ಅಥವಾ ನೌಕರರ ಸಂಖ್ಯೆ ತಿಂಗಳಿಂದ ತಿಂಗಳಿಗೆ ಕುಸಿಯುತ್ತಿದ್ದರೆ, ಕಾರಣ ಕೇಳಬೇಕು. ಮನೆಯಲ್ಲಿ ಕೂತು ಹತ್ತು ನಿಮಿಷದಲ್ಲಿ ಮಾಡಬಹುದಾದ ಈ ಪರೀಕ್ಷೆಯನ್ನು ಮಾಡುವವರು ಕಡಿಮೆ.

ಕೆಲಸ ಯಾವುದೆಂಬುದನ್ನು ಹುದ್ದೆಯ ಹೆಸರಿನಿಂದ ತಿಳಿಯಲಾಗದು. ಬಿಸಿನೆಸ್ ಡೆವಲಪ್‌ಮೆಂಟ್ ಎಂಬ ಹೆಸರಿನ ಬಹುಪಾಲು ಕೆಲಸಗಳು ಫೋನಿನಲ್ಲೋ ಮನೆಬಾಗಿಲಲ್ಲೋ ಏನನ್ನಾದರೂ ಮಾರುವ ಕೆಲಸಗಳು. ಅವುಗಳಲ್ಲಿ ಸಿಟಿಸಿ ದೊಡ್ಡದಾಗಿ ಕಾಣುತ್ತದೆ, ಆದರೆ ಅರ್ಧದಷ್ಟು ಗುರಿ ಮುಟ್ಟಿದರೆ ಮಾತ್ರ ಸಿಗುವ ಇನ್ಸೆಂಟಿವ್ ಆಗಿರಬಹುದು. ಮಾತುಗಾರಿಕೆ ಇರುವ ಹುಡುಗಿಗೆ ಅದು ಒಳ್ಳೆಯ ದಾರಿಯೇ. ಎಲೆಕ್ಟ್ರಾನಿಕ್ಸ್ ಓದಿ ಆ ಕ್ಷೇತ್ರದಲ್ಲೇ ಬೆಳೆಯಬೇಕೆಂದಿರುವವನಿಗೆ ಮಾತ್ರ ಎರಡು ವರ್ಷದ ನಂತರ ಅಲ್ಲಿಂದ ಹಿಂದಿರುಗಿ ಬರುವುದು ಕಷ್ಟ. ಸಾಫ್ಟ್‌ವೇರ್ ಕಂಪನಿಯಲ್ಲಿಯೂ ಕೋಡ್ ಬರೆಯುವ, ಪರೀಕ್ಷಿಸುವ ತಂಡಕ್ಕೂ ಗ್ರಾಹಕರ ದೂರು ದಾಖಲಿಸುವ ರಾತ್ರಿಪಾಳಿಯ ತಂಡಕ್ಕೂ ಇದೇ ಬಗೆಯ ಅಂತರವಿದೆ. ಮೊದಲ ಪಗಾರ ಎರಡರಲ್ಲೂ ಒಂದೇ ಇರಬಹುದು, ಮೂರನೇ ವರ್ಷದ್ದು ಒಂದೇ ಇರುವುದಿಲ್ಲ. ಆದ್ದರಿಂದ ವಿಚಾರಿಸಬೇಕಾದವನು ಕಳೆದ ತಿಂಗಳು ಸೇರಿದವನಲ್ಲ, ಎರಡು ಮೂರು ವರ್ಷದ ಹಿಂದೆ ಸೇರಿದವನು: ದಿನವೆಲ್ಲ ಏನು ಮಾಡುತ್ತಾನೆ, ಪಗಾರ ಎಷ್ಟು ಏರಿದೆ, ಜೊತೆಗೆ ಸೇರಿದವರು ಎಲ್ಲಿಗೆ ಹೋದರು?

ಆಫರ್ ಬೇಡ ಎಂದರೆ ಏನಾಗುತ್ತದೆ?

ಅನೇಕ ಕಾಲೇಜುಗಳಲ್ಲಿ ಒಬ್ಬರಿಗೆ ಒಂದು ನೌಕರಿ ಎಂಬ ನಿಯಮವಿದೆ. ಒಂದು ಕಂಪನಿಗೆ ಆಯ್ಕೆಯಾದವರಿಗೆ ಮುಂದಿನ ಕಂಪನಿಯ ಸಂದರ್ಶನಕ್ಕೆ ಅವಕಾಶವಿಲ್ಲ, ಅಥವಾ ದುಪ್ಪಟ್ಟು ಪಗಾರದ ಕಂಪನಿಗೆ ಮಾತ್ರ ಅವಕಾಶ. ಉಳಿದವರಿಗೂ ಸಿಗಲಿ ಎಂಬ ಕಾಳಜಿ ಅದರಲ್ಲಿದೆ. ಆಯ್ಕೆಯಾದವರ ಸಂಖ್ಯೆ ಹೆಚ್ಚಿಸಿ ಮುಂದಿನ ವರ್ಷದ ಪ್ರವೇಶದ ಜಾಹೀರಾತಿಗೆ ಬಳಸುವ ಆಸೆಯೂ ಇರುತ್ತದೆ. ಜಾಹೀರಾತಿನಲ್ಲಿ ಕಾಣುವ ಅತಿ ಹೆಚ್ಚಿನ ಪ್ಯಾಕೇಜು ಒಬ್ಬ ವಿದ್ಯಾರ್ಥಿಯದು, ಅದರಿಂದ ಉಳಿದವರ ಬಗ್ಗೆ ಏನೂ ತಿಳಿಯದು. ಸರಾಸರಿಯೂ ಆ ಒಬ್ಬನಿಂದ ಏರಿಬಿಡುತ್ತದೆ. ನೋಡಬೇಕಾದದ್ದು ಮಧ್ಯಾಂಕ, ಅಂದರೆ ಎಲ್ಲರನ್ನೂ ಪಗಾರದ ಕ್ರಮದಲ್ಲಿ ನಿಲ್ಲಿಸಿದಾಗ ನಟ್ಟನಡುವಿನವನಿಗೆ ಸಿಕ್ಕದ್ದು. ಎನ್‌ಐಆರ್‌ಎಫ್ ರ‍್ಯಾಂಕಿಂಗ್‌ಗೆ ಅರ್ಜಿ ಹಾಕುವ ಕಾಲೇಜುಗಳು ಈ ಮಧ್ಯಾಂಕವನ್ನೂ ನೌಕರಿ ಪಡೆದವರ ಸಂಖ್ಯೆಯನ್ನೂ ಸಲ್ಲಿಸಬೇಕಾಗುತ್ತದೆ, ಅದು ಅವುಗಳ ಜಾಲತಾಣದಲ್ಲಿ ಸಿಗುತ್ತದೆ.

ಈ ನಿಯಮದಿಂದಾಗಿ ಆಫರನ್ನು ಕನಸಿನ ನೌಕರಿಯೊಂದಿಗೆ ಹೋಲಿಸುವುದಕ್ಕಿಂತ, ಬೇಡ ಎಂದರೆ ಆ ಹುಡುಗನ ಮುಂದೆ ನಿಜವಾಗಿ ಇರುವ ದಾರಿಯೊಂದಿಗೆ ಹೋಲಿಸುವುದೇ ಸರಿ. ಬ್ರಾಂಚ್‌ನ ಬಹುಪಾಲು ಕಂಪನಿಗಳು ಬಂದುಹೋಗಿದ್ದರೆ, ಹಿಂದಿನ ಸೆಮಿಸ್ಟರ್‌ನ ವಿಷಯಗಳು ಬಾಕಿ ಇದ್ದರೆ, ಸಾಧಾರಣ ಆಫರ್‌ಗೂ ಬೆಲೆ ಇದೆ. ಗೇಟ್ ಪರೀಕ್ಷೆಗೆ ಗಂಭೀರವಾಗಿ ಓದುತ್ತಿರುವವನಿಗೆ, ಅಥವಾ ದಿನಾಂಕವಿರುವ ಟ್ರೇನಿ ಕೆಲಸ ಕಾಗಲ್‌ನಲ್ಲಿ ಸಿಗುವುದು ಖಚಿತವಾಗಿರುವವನಿಗೆ, ಬಾಂಡ್ ಬಿಗಿದ ಮತ್ತು ದಿನಾಂಕವಿಲ್ಲದ ಆಫರ್ ಬಿಡುವುದು ಕಷ್ಟವಾಗಬಾರದು. ಒಪ್ಪಿದ ಮೇಲೆ ಮನಸ್ಸು ಬದಲಾದರೆ ಸೇರುವ ದಿನದವರೆಗೆ ಕಾಯದೆ ಮೊದಲೇ ಬರಹದಲ್ಲಿ ತಿಳಿಸುವುದು ಉತ್ತಮ. ಬಾಂಡ್ ಅನ್ವಯವಾಗುವುದು ಸಾಮಾನ್ಯವಾಗಿ ಸೇರಿದ ದಿನದಿಂದ. ಸೇರುವ ಮೊದಲೇ ದಂಡ ಎಂದು ಪತ್ರದಲ್ಲಿ ಬರೆದಿದ್ದರೆ, ಅದನ್ನು ಗಮನಿಸಬೇಕಾದದ್ದು ಸಹಿ ಹಾಕುವ ಮೊದಲು. ಸಹಿಗೆ ಎರಡು ಮೂರು ದಿನದ ಕಾಲಾವಕಾಶ ಕೇಳಬಹುದು. ಅಷ್ಟರಲ್ಲಿ ಪತ್ರದ ಕೋಷ್ಟಕ ಬಿಡಿಸಿ, ಪಿಎಫ್ ಜಾಲತಾಣ ನೋಡಿ, ಎರಡು ವರ್ಷದ ಹಿಂದೆ ಸೇರಿದ ಒಬ್ಬನಿಗೆ ಫೋನು ಮಾಡಿ ವಿಚಾರಿಸಲು ಸಮಯ ಸಾಲುತ್ತದೆ.